ದೋಷಯುಕ್ತ ಸರಕು: ಪೂರೈಕೆದಾರರಿಗೆ ಬರೆಯುವ ಪತ್ರ ಹೇಗಿರಬೇಕು?

ಕಳೆದ ವರ್ಷ ಜೂನ್ ತಿಂಗಳ ಒಂದು ಸಂಜೆ, ನೀರೆತ್ತುವ ಪಂಪುಗಳನ್ನು ತಯಾರಿಸುವ ನಮ್ಮ ಕಕ್ಷಿದಾರರೊಬ್ಬರು ಒಂದು ಪತ್ರದ ಕರಡನ್ನು ಹಿಡಿದು ಕಚೇರಿಗೆ ಬಂದರು. ಅವರಿಗೆ ಬೀಡಿನ ಎರಕಗಳನ್ನು ಪೂರೈಸುವ ಫೌಂಡ್ರಿಗೆ ಆ ಪತ್ರ ಹೋಗಬೇಕಾಗಿತ್ತು. “ಫೋನಿನಲ್ಲಿ ಎರಡು ಸಲ ಹೇಳಿಯಾಯಿತು ಸಾರ್, ಇನ್ನು ಕಾಗದದಲ್ಲಿ ಬೈಯದೆ ದಾರಿಯಿಲ್ಲ. ಭಾಷೆ ಸ್ವಲ್ಪ ತಿದ್ದಿಕೊಡಿ” ಎಂದರು. ಕರಡು ಹೀಗಿತ್ತು:

“ನೀವು ಕಳುಹಿಸಿರುವ ಮಾಲು ಪೂರ್ತಿ ಕಳಪೆಯಾಗಿದೆ. ಅಗ್ಗದ ಕಬ್ಬಿಣ ಹಾಕಿ ನಮಗೆ ಮೋಸ ಮಾಡಿದ್ದೀರಿ. ಇದು ಮೊದಲ ಸಲವೂ ಅಲ್ಲ. ನಮಗಾಗಿರುವ ಭಾರೀ ನಷ್ಟವನ್ನು ಕೂಡಲೇ ತುಂಬಿಕೊಡಬೇಕು. ಅಲ್ಲಿಯವರೆಗೆ ಒಂದು ಪೈಸೆಯನ್ನೂ ಪಾವತಿಸುವುದಿಲ್ಲ.”

ತಿದ್ದಬೇಕಾಗಿದ್ದುದು ಭಾಷೆಯನ್ನಲ್ಲ. ಈ ಐದು ವಾಕ್ಯಗಳಲ್ಲಿ ಒಂದನ್ನಾದರೂ ದಾಖಲೆ ಸಹಿತ ಸಿದ್ಧಪಡಿಸಲು ಅವರಿಗೆ ಅಂದು ಸಾಧ್ಯವಿರಲಿಲ್ಲ. ಆದರೂ ಅವರ ದೂರು ನ್ಯಾಯವಾದದ್ದೇ ಆಗಿತ್ತು. ನ್ಯಾಯವಾದ ದೂರು ದುರ್ಬಲವಾದ ಪತ್ರದಿಂದ ಹೇಗೆ ಕೆಡುತ್ತದೆ, ಅದೇ ದೂರನ್ನು ಗಟ್ಟಿಯಾಗಿ, ಆದರೆ ಯಾರನ್ನೂ ದೂಷಿಸದೆ ಹೇಗೆ ಬರೆಯಬಹುದು ಎಂಬುದನ್ನು ಈ ಒಂದು ಪ್ರಕರಣದ ಮೂಲಕವೇ ನೋಡೋಣ.

ಕರಡಿನ ಪರಿಶೀಲನೆ

ಸರಕು ಬಂದದ್ದು ಜೂನ್ 5ರಂದು. ಪಂಪಿನ ಕೇಸಿಂಗ್ ಎರಕಗಳು, ಒಟ್ಟು 300. ಒಂದರ ಬೆಲೆ 880 ರೂಪಾಯಿ. ಶೇಕಡಾ 18ರ ಜಿ.ಎಸ್.ಟಿ. ಸೇರಿ ಬಿಲ್ಲಿನ ಮೊತ್ತ 3,11,520 ರೂಪಾಯಿ. ಜೂನ್ 10 ಮತ್ತು 11ರಂದು ಮೊದಲ 60 ಎರಕಗಳನ್ನು ಲೇತಿಗೆ ಏರಿಸಿದಾಗ ಕೆಲವುಗಳಲ್ಲಿ ಫ್ಲೇಂಜಿನ ಮುಖದ ಮೇಲ್ಪದರ ಹೋದ ಕೂಡಲೇ ಒಳಗಿನ ಗಾಳಿಗುಳಿಗಳು, ಅಂದರೆ ಫೌಂಡ್ರಿಯವರು ಬ್ಲೋಹೋಲ್ ಎನ್ನುವ ರಂಧ್ರಗಳು, ಕಾಣಿಸಿಕೊಂಡವು.

ಈಗ ಕರಡಿನ ಮೊದಲ ವಾಕ್ಯವನ್ನು ನೋಡಿ: “ಮಾಲು ಪೂರ್ತಿ ಕಳಪೆಯಾಗಿದೆ.” 60ರಲ್ಲಿ ಕೆಟ್ಟವು ಎಷ್ಟು ಎಂದು ಕೇಳಿದಾಗ “ಹತ್ತು ಹದಿನೈದು ಇರಬಹುದು” ಎಂಬ ಉತ್ತರ ಬಂತು. ಹಾಗಿದ್ದರೆ ಉಳಿದ ನಲವತ್ತೈದು ಒಳ್ಳೆಯವು. ಮೊದಲ ವಾಕ್ಯವೇ ಸುಳ್ಳೆಂದು ತೋರಿಸಲು ಎದುರು ಪಕ್ಷಕ್ಕೆ ನಾವೇ ಅವಕಾಶ ಕೊಟ್ಟಂತಾಯಿತು.

“ಅಗ್ಗದ ಕಬ್ಬಿಣ” ಎಂಬುದು ಇನ್ನೂ ಅಪಾಯಕಾರಿ. ಗಾಳಿಗುಳಿ ಉಂಟಾಗುವುದು ಎರಕದೊಳಗೆ ಅನಿಲ ಸಿಕ್ಕಿಬೀಳುವುದರಿಂದ. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಿರುವುದು, ಒಳಗಿನ ಕೋರ್ ಸರಿಯಾಗಿ ಒಣಗದಿರುವುದು, ಅನಿಲ ಹೊರಹೋಗುವ ದಾರಿ ಸಾಲದಿರುವುದು ಮೊದಲಾದ ಕಾರಣಗಳು ಅದಕ್ಕೆ ಇರಬಹುದು. ಇವು ಯಾವುವೂ ಕಬ್ಬಿಣದ ದರ್ಜೆಗೆ ಸಂಬಂಧಿಸಿದವಲ್ಲ. ಫೌಂಡ್ರಿಯವರು ಲೋಹದ ಪರೀಕ್ಷಾ ವರದಿಯನ್ನು ಲಗತ್ತಿಸಿ, “ಕಬ್ಬಿಣ ನಿಗದಿತ ದರ್ಜೆಯದೇ ಆಗಿದೆ, ತಮ್ಮ ಆರೋಪ ನಿರಾಧಾರ” ಎಂದು ಉತ್ತರಿಸಿದರೆ, ಅವರ ಉತ್ತರ ಸತ್ಯವಾಗಿರುತ್ತದೆ, ಗಾಳಿಗುಳಿಯ ವಿಷಯ ಮಾತ್ರ ಹಾಗೆಯೇ ಉಳಿಯುತ್ತದೆ. ಆರೋಪದ ದೊಡ್ಡ ದೋಷವೇ ಇದು. ಓದುವವನು ಆರೋಪಕ್ಕೆ ಉತ್ತರಿಸುತ್ತಾನೆ, ಸರಕಿಗೆ ಉತ್ತರಿಸುವುದಿಲ್ಲ.

“ಮೊದಲ ಸಲವೂ ಅಲ್ಲ” ಎಂಬುದಕ್ಕೆ ಕಡತದಲ್ಲಿ ಒಂದು ಚೀಟಿಯೂ ಇರಲಿಲ್ಲ. ಹಿಂದಿನ ಬಿಲ್ಲುಗಳೆಲ್ಲ ಯಾವ ಕಡಿತವೂ ಇಲ್ಲದೆ ಪಾವತಿಯಾಗಿದ್ದವು. “ಭಾರೀ ನಷ್ಟ”ದ ಮೊತ್ತವನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಇನ್ನು “ಒಂದು ಪೈಸೆಯನ್ನೂ ಪಾವತಿಸುವುದಿಲ್ಲ” ಎಂಬ ಕೊನೆಯ ವಾಕ್ಯ ಬರೆದವರಿಗೇ ಬಡ್ಡಿಯ ಹೊರೆ ತರಬಲ್ಲದ್ದಾಗಿತ್ತು. ಅದರ ವಿಚಾರ ಮುಂದೆ ಬರುತ್ತದೆ.

ಬರೆಯುವ ಮೊದಲು ಎಣಿಸಬೇಕು

ಆದುದರಿಂದ ಅಂದು ಪತ್ರ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋಗಿ ನಾಲ್ಕು ಕೆಲಸಗಳನ್ನು ಮಾಡುವಂತೆ ಸೂಚಿಸಿದೆವು.

ಮೊದಲನೆಯದು, ಎಣಿಕೆ. 60 ಎರಕಗಳನ್ನೂ ಒಂದೊಂದಾಗಿ ನೋಡಿ, ದೋಷದ ಬಗೆಯಂತೆ ವಿಂಗಡಿಸಬೇಕು. 11ರಲ್ಲಿ ಫ್ಲೇಂಜಿನ ಮುಖದ ಮೇಲೆ ಗಾಳಿಗುಳಿಗಳಿದ್ದವು. ಇನ್ನೂ 3 ಎರಕಗಳು ನೋಡಲು ಚೆನ್ನಾಗಿದ್ದರೂ ನೀರಿನ ಒತ್ತಡದ ಪರೀಕ್ಷೆಯಲ್ಲಿ ಸೋರಿದವು. ಒಟ್ಟು 14. ಒಳ್ಳೆಯವು 46.

ಎರಡನೆಯದು, ಗುರುತು. ಪ್ರತಿ ಎರಕದ ಮೇಲೂ ಅದು ಯಾವ ಸಲದ ಕರಗಿಸಿದ ಲೋಹದಿಂದ ಬಂದದ್ದು ಎಂಬುದನ್ನು ತೋರಿಸುವ ಹೀಟ್ ನಂಬರ್ ಇತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ಬರೆದುಕೊಂಡಾಗ ಒಂದು ಮುಖ್ಯ ಸಂಗತಿ ಹೊರಬಿತ್ತು. ಲೇತಿಗೆ ಏರಿಸಿದ್ದ 60ರಲ್ಲಿ 25 ಎರಕಗಳು ಹೀಟ್ 17ಕ್ಕೆ, 35 ಎರಕಗಳು ಹೀಟ್ 18ಕ್ಕೆ ಸೇರಿದ್ದವು. ಕೆಟ್ಟ 14ರಲ್ಲಿ 13 ಹೀಟ್ 17ರವು, ಒಂದು ಮಾತ್ರ ಹೀಟ್ 18ರದು. ಅಂದರೆ ದೋಷ ಇಡೀ ಸರಕಿನದಲ್ಲ, ಬಹುಮಟ್ಟಿಗೆ ಒಂದು ಹೀಟಿನದು. ಇನ್ನೂ ಮುಟ್ಟದ 240ರಲ್ಲಿ 100 ಎರಕಗಳು ಹೀಟ್ 17ರವಾಗಿದ್ದವು.

ಮೂರನೆಯದು, ತಡೆ. ಹೀಟ್ 17ರ ಉಳಿದ 100 ಎರಕಗಳನ್ನು ಲೇತಿಗೆ ಏರಿಸದೆ ಬೇರೆಯಾಗಿ ಇಡಬೇಕು. ದೋಷ ಗೊತ್ತಾದ ಮೇಲೂ ಕೆಲಸ ಮುಂದುವರಿಸಿದರೆ ಮಶಿನಿಂಗ್ ಖರ್ಚು ಬೆಳೆಯುವುದಷ್ಟೇ ಅಲ್ಲ. ಸರಕು ಮಾರಾಟ ಅಧಿನಿಯಮ, 1930ರ 42ನೇ ಪ್ರಕರಣದಂತೆ, ಸರಕು ಕೈಸೇರಿದ ಮೇಲೆ ಮಾರಾಟಗಾರನ ಒಡೆತನಕ್ಕೆ ಹೊಂದದಂತಹ ಕಾರ್ಯವನ್ನು ಖರೀದಿದಾರ ಮಾಡಿದರೆ ಸರಕನ್ನು ಸ್ವೀಕರಿಸಿದಂತಾಗುತ್ತದೆ. ಗೊತ್ತಿದ್ದೂ ಕತ್ತರಿಸಿದ ಎರಕವನ್ನು ಆಮೇಲೆ ಬೇಡವೆನ್ನುವುದು ಕಷ್ಟ.

ನಾಲ್ಕನೆಯದು, ಸಾಕ್ಷ್ಯ. ಕೆಟ್ಟ 14 ಎರಕಗಳಿಗೆ ಹಳದಿ ಬಣ್ಣ ಹಚ್ಚಿ, ಕ್ರಮಸಂಖ್ಯೆ ಬರೆದು, ಹೀಟ್ ನಂಬರ್ ಕಾಣುವಂತೆ ಛಾಯಾಚಿತ್ರ ತೆಗೆಯಬೇಕು. ಫೌಂಡ್ರಿಯವರು ಬಂದು ನೋಡುವವರೆಗೆ ಅವುಗಳನ್ನು ಗುಜರಿಗೆ ಹಾಕಬಾರದು.

ಈ ಕೆಲಸಕ್ಕೆ ಹಿಡಿದದ್ದು ಅರ್ಧ ದಿನ. ಅದರ ನಂತರ ಪತ್ರ ತಾನಾಗಿಯೇ ಸಿದ್ಧವಾಯಿತೆನ್ನಬಹುದು.

ಕಳುಹಿಸಿದ ಪತ್ರ

“ದಿನಾಂಕ: 12 ಜೂನ್

ಮಾನ್ಯರೆ,

ವಿಷಯ: ಕೇಸಿಂಗ್ ಎರಕಗಳಲ್ಲಿ ಕಂಡುಬಂದ ದೋಷ – ಸ್ವೀಕಾರದ ಬಗ್ಗೆ ಲಿಖಿತ ಆಕ್ಷೇಪಣೆ.

ನಮ್ಮ ಖರೀದಿ ಆದೇಶದ ಮೇರೆಗೆ ತಾವು ಕಳುಹಿಸಿದ 300 ಕೇಸಿಂಗ್ ಎರಕಗಳು ಜೂನ್ 5ರಂದು ನಮಗೆ ತಲುಪಿವೆ. ಆದೇಶದ ಮತ್ತು ಬಿಲ್ಲಿನ ಸಂಖ್ಯೆಗಳನ್ನು ಮೇಲೆ ನಮೂದಿಸಿದೆ.

ಸರಕು ಬಂದ ದಿನ ನಾವು 20 ಎರಕಗಳ ಅಳತೆ ಮತ್ತು ಹೊರಮೈಯನ್ನು ಪರೀಕ್ಷಿಸಿದೆವು. ಅವು ಸರಿಯಾಗಿದ್ದವು. ಜೂನ್ 10 ಮತ್ತು 11ರಂದು 60 ಎರಕಗಳನ್ನು ಮಶಿನಿಂಗ್ ಮಾಡಿದಾಗ 11ರಲ್ಲಿ ಫ್ಲೇಂಜಿನ ಮುಖದ ಮೇಲೆ ಗಾಳಿಗುಳಿಗಳು ಕಂಡುಬಂದವು. ಇನ್ನು 3 ಎರಕಗಳು ನೀರಿನ ಒತ್ತಡದ ಪರೀಕ್ಷೆಯಲ್ಲಿ ಸೋರಿದವು. ಈ ದೋಷಗಳು ಮಶಿನಿಂಗ್‌ಗೆ ಮುನ್ನ ಹೊರಗಿನಿಂದ ಕಾಣುವಂಥವಲ್ಲ.

ದೋಷ ಕಂಡ 14ರಲ್ಲಿ 13 ಹೀಟ್ 17ಕ್ಕೂ 1 ಹೀಟ್ 18ಕ್ಕೂ ಸೇರಿವೆ. ಹೀಟ್ 17ರ 25 ಮತ್ತು ಹೀಟ್ 18ರ 35 ಎರಕಗಳನ್ನು ನಾವು ಮಶಿನಿಂಗ್ ಮಾಡಿದ್ದೇವೆ. ಪ್ರತಿ ಎರಕದ ವಿವರ ಹಾಗೂ ಛಾಯಾಚಿತ್ರಗಳನ್ನು ಲಗತ್ತಿಸಿದೆ. ದೋಷದ ಕಾರಣ ನಮಗೆ ತಿಳಿಯದು. ಹೀಟ್‌ವಾರು ವಿವರ ತಮ್ಮ ಪರಿಶೀಲನೆಗೆ ನೆರವಾಗಬಹುದೆಂದು ಕೊಟ್ಟಿದ್ದೇವೆ.

ಖರೀದಿ ಆದೇಶದ 6ನೇ ಷರತ್ತಿನಂತೆ ಈ 14 ಎರಕಗಳನ್ನು ನಾವು ಸ್ವೀಕರಿಸಿಲ್ಲ. ಹೀಟ್ 17ರ ಉಳಿದ 100 ಎರಕಗಳ ಸ್ವೀಕಾರಕ್ಕೂ ಪರಿಶೀಲನೆ ಮುಗಿಯುವವರೆಗೆ ಈ ಮೂಲಕ ಆಕ್ಷೇಪಣೆ ಸಲ್ಲಿಸುತ್ತಿದ್ದೇವೆ. ಅವುಗಳನ್ನು ಮಶಿನಿಂಗ್ ಮಾಡದೆ ಪ್ರತ್ಯೇಕವಾಗಿ ಇರಿಸಿದ್ದೇವೆ. ಹೀಟ್ 18ರ ಉಳಿದ 140 ಎರಕಗಳನ್ನು ಬಳಸುತ್ತಿದ್ದೇವೆ. ಅವುಗಳಲ್ಲಿ ಇದೇ ದೋಷ ಕಂಡರೆ 6ನೇ ಷರತ್ತಿನಂತೆ ತಿಳಿಸುವೆವು.

ತಮ್ಮಿಂದ ನಾವು ಕೋರುವುದು ಇಷ್ಟು: ಒಂದು, ತಮ್ಮ ಪ್ರತಿನಿಧಿ ಜೂನ್ 18ರೊಳಗೆ ಬಂದು ನಮ್ಮೊಂದಿಗೆ ಎರಕಗಳನ್ನು ಪರಿಶೀಲಿಸಬೇಕು. ಎರಡು, ತಿರಸ್ಕೃತ 14 ಎರಕಗಳ ಬೆಲೆಗೆ ಕ್ರೆಡಿಟ್ ನೋಟ್ ನೀಡಬೇಕು. ಮೂರು, ಹೀಟ್ 17ರ 100 ಎರಕಗಳ ವಿಲೇವಾರಿಯನ್ನು ಜಂಟಿ ಪರಿಶೀಲನೆಯ ದಿನವೇ ನಿರ್ಧರಿಸಬೇಕು. ನಾಲ್ಕು, 14 ಎರಕಗಳ ಮೇಲೆ ನಾವು ಮಾಡಿದ ಮಶಿನಿಂಗ್ ವೆಚ್ಚ, ಒಂದಕ್ಕೆ 140 ರೂಪಾಯಿಯಂತೆ 1,960 ರೂಪಾಯಿಯನ್ನು ಭರಿಸಬೇಕು.

ವಿವಾದವಿಲ್ಲದ 186 ಎರಕಗಳ ಬಾಬ್ತು ತೆರಿಗೆ ಸೇರಿ 1,93,142.40 ರೂಪಾಯಿಯನ್ನು ವಾಯಿದೆಯ ದಿನವಾದ ಜುಲೈ 5ರೊಳಗೆ ಪಾವತಿಸುತ್ತೇವೆ. ಉಳಿದ 114 ಎರಕಗಳ 1,18,377.60 ರೂಪಾಯಿ ಮೇಲಿನ ಅಂಶಗಳ ಇತ್ಯರ್ಥವನ್ನು ಅವಲಂಬಿಸಿರುತ್ತದೆ. ನಮ್ಮ ಇತರ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ.

ಪರಿಶೀಲನೆಗೆ ತಮಗೆ ಅನುಕೂಲವಾದ ದಿನವನ್ನು ತಿಳಿಸಿರಿ.

ತಮ್ಮ ವಿಶ್ವಾಸಿ”

ಪತ್ರದ ಮಾತುಗಳ ಹಿಂದಿನ ಕಾರಣ

ಈ ಪತ್ರದಲ್ಲಿ “ಕಳಪೆ”, “ಮೋಸ”, “ನಿರ್ಲಕ್ಷ್ಯ” ಎಂಬ ಪದಗಳಿಲ್ಲ. ಸೌಜನ್ಯ ಇದಕ್ಕೆ ಒಂದು ಕಾರಣವಷ್ಟೆ. ದೊಡ್ಡ ಕಾರಣವೆಂದರೆ, ಆ ಪದಗಳು ಫೌಂಡ್ರಿಯೊಳಗೆ ಏನಾಯಿತು ಎಂಬುದನ್ನು ಹೇಳುತ್ತವೆ, ಅದನ್ನು ನಾವು ನೋಡಿಲ್ಲ. ನಾವು ನೋಡಿದ್ದು ನಮ್ಮ ಲೇತಿನ ಮೇಲಿದ್ದ ಎರಕವನ್ನು ಮಾತ್ರ. ಆದಕಾರಣ ದೋಷವನ್ನು ಹೇಳುವ ವಾಕ್ಯಗಳಲ್ಲೆಲ್ಲ ಕರ್ತೃ ಎರಕವೇ ಆಗಿದೆ: “11ರಲ್ಲಿ ಗಾಳಿಗುಳಿಗಳು ಕಂಡುಬಂದವು”, “3 ಎರಕಗಳು ಸೋರಿದವು”. “ತಾವು ದೋಷಯುಕ್ತ ಸರಕನ್ನು ಕಳುಹಿಸಿದ್ದೀರಿ” ಎಂದರೆ ಸಂಗತಿ ಅದೇ ಆದರೂ ಕರ್ತೃ ಬದಲಾಗಿ, ವಾಕ್ಯ ಆರೋಪವಾಗುತ್ತದೆ. ನಮ್ಮ ಕೃತ್ಯಗಳನ್ನು ಹೇಳುವಾಗ ಮಾತ್ರ “ನಾವು ಪರೀಕ್ಷಿಸಿದೆವು”, “ನಾವು ಸ್ವೀಕರಿಸಿಲ್ಲ” ಎಂದು ನೇರವಾಗಿ ಬರೆಯಬೇಕು. ಅಲ್ಲಿ “ಪರೀಕ್ಷಿಸಲಾಯಿತು” ಎಂದರೆ ಯಾರಿಂದ ಎಂಬ ಪ್ರಶ್ನೆ ಏಳುತ್ತದೆ.

ಮೃದುವಾಗಿ ಬರೆಯಬೇಕೆಂದು ಬೇಡಿಕೆಯನ್ನೂ ಮೃದುಗೊಳಿಸುವುದು ಇನ್ನೊಂದು ಬಗೆಯ ತಪ್ಪು. “ಸಾಧ್ಯವಾದರೆ ತಾವು ಈ ಬಗ್ಗೆ ಸೂಕ್ತವಾಗಿ ಗಮನಹರಿಸಬೇಕಾಗಿ ವಿನಂತಿ” ಎಂಬ ವಾಕ್ಯಕ್ಕೆ “ಗಮನಹರಿಸಿದ್ದೇವೆ” ಎಂಬ ಉತ್ತರ ಸಾಕು. ಮೇಲಿನ ಪತ್ರದ ನಾಲ್ಕು ಕೋರಿಕೆಗಳಲ್ಲಿ ಪ್ರತಿಯೊಂದಕ್ಕೂ ಸಂಖ್ಯೆ, ಮೊತ್ತ ಅಥವಾ ದಿನಾಂಕವಿದೆ. ಆಗಿದೆಯೇ ಇಲ್ಲವೇ ಎಂಬುದನ್ನು ಯಾರು ಬೇಕಾದರೂ ಹೇಳಬಹುದು. ಪತ್ರದ ಗಟ್ಟಿತನ ಇರುವುದು ಇಲ್ಲಿ.

ಬಂದ ದಿನ 20 ಎರಕಗಳನ್ನು ಪರೀಕ್ಷಿಸಿದ್ದೆವು, ದೋಷ ಹೊರಗಿನಿಂದ ಕಾಣುವಂಥದ್ದಲ್ಲ ಎಂಬ ಮಾತು ಅನೇಕರಿಗೆ ಅನಗತ್ಯವೆಂದು ತೋರಬಹುದು. ಆದರೆ ಸರಕು ಮಾರಾಟ ಅಧಿನಿಯಮದ 16ನೇ ಪ್ರಕರಣದಂತೆ, ವಿವರಣೆಯ ಮೇಲೆ ಕೊಂಡ ಸರಕು ವ್ಯಾಪಾರಯೋಗ್ಯವಾಗಿರಬೇಕೆಂಬ ಅಂತರ್ಗತ ಷರತ್ತಿಗೆ ಒಂದು ವಿನಾಯಿತಿಯುಂಟು. ಖರೀದಿದಾರ ಸರಕನ್ನು ಪರೀಕ್ಷಿಸಿದ್ದಲ್ಲಿ, ಆ ಪರೀಕ್ಷೆಯಲ್ಲಿ ಕಾಣಲೇಬೇಕಾಗಿದ್ದ ದೋಷಕ್ಕೆ ಆ ಷರತ್ತು ಅನ್ವಯಿಸುವುದಿಲ್ಲ. “ಬಂದಾಗಲೇ ನೋಡಬಾರದಿತ್ತೇ” ಎಂಬ ಪ್ರಶ್ನೆಗೆ ಪತ್ರ ಮೊದಲೇ ಉತ್ತರ ಕೊಟ್ಟಿದೆ.

ಇನ್ನು 6ನೇ ಷರತ್ತು. ಅದೇ ಅಧಿನಿಯಮದ 13ನೇ ಪ್ರಕರಣದಂತೆ, ಬಿಡಿಬಿಡಿಯಾಗಿ ವಿಂಗಡಿಸಲಾಗದ ಕರಾರಿನಲ್ಲಿ ಸರಕಿನ ಒಂದು ಭಾಗವನ್ನು ಸ್ವೀಕರಿಸಿದ ಮೇಲೆ ಉಳಿದದ್ದನ್ನು ತಿರಸ್ಕರಿಸುವಂತಿಲ್ಲ, ನಷ್ಟಪರಿಹಾರವನ್ನಷ್ಟೇ ಕೇಳಬಹುದು. ಕರಾರಿನಲ್ಲೇ ಬೇರೆ ಷರತ್ತಿದ್ದರೆ ಮಾತು ಬೇರೆ. ನಮ್ಮ ಕಕ್ಷಿದಾರರ ಖರೀದಿ ಆದೇಶದ ಹಿಂಬದಿಯಲ್ಲಿ, “ಮಶಿನಿಂಗ್ ಸಮಯದಲ್ಲಿ ಗಾಳಿಗುಳಿ ಅಥವಾ ಸೋರಿಕೆ ಕಂಡ ಎರಕಗಳನ್ನು ಮಾತ್ರ ಪ್ರತ್ಯೇಕಿಸಿ ಹಿಂದಿರುಗಿಸಲಾಗುವುದು” ಎಂಬ ಒಂದು ಸಾಲು ಅದೃಷ್ಟವಶಾತ್ ಅಚ್ಚಾಗಿತ್ತು. ಓದುಗರು ತಮ್ಮ ಆದೇಶ ಪುಸ್ತಕವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ಅಂತಹ ಸಾಲು ಇಲ್ಲದಿದ್ದರೆ ಮುಂದಿನ ಸಲ ಅಚ್ಚು ಹಾಕಿಸುವಾಗ ಸೇರಿಸಿಕೊಳ್ಳಬೇಕು.

ಹದಿನೈದು ದಿನಗಳ ಲೆಕ್ಕ

ಪತ್ರದ ವಿಷಯದ ಸಾಲಿನಲ್ಲಿ “ಸ್ವೀಕಾರದ ಬಗ್ಗೆ ಲಿಖಿತ ಆಕ್ಷೇಪಣೆ” ಎಂದು ಬರೆದದ್ದು ಸುಮ್ಮನೆ ಅಲ್ಲ. ಫೌಂಡ್ರಿಯು ನೋಂದಾಯಿತ ಸಣ್ಣ ಉದ್ಯಮವಾಗಿತ್ತು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರಂತೆ ಅಂತಹ ಸೂಕ್ಷ್ಮ ಅಥವಾ ಸಣ್ಣ ಪೂರೈಕೆದಾರರಿಗೆ ಒಪ್ಪಿದ ದಿನದೊಳಗೆ ಹಣ ಸಲ್ಲಬೇಕು. ಒಪ್ಪಿದ ಅವಧಿ ಎಷ್ಟೇ ಇದ್ದರೂ ಸ್ವೀಕಾರದ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ, ತೆರಬೇಕಾಗುತ್ತದೆ.

ಈ ಲೆಕ್ಕ ಶುರುವಾಗುವ “ಸ್ವೀಕಾರದ ದಿನ” ಯಾವುದು? ಸಾಮಾನ್ಯವಾಗಿ ಸರಕು ತಲುಪಿದ ದಿನವೇ. ಆದರೆ ತಲುಪಿದ 15 ದಿನಗಳೊಳಗೆ ಖರೀದಿದಾರನು ಸ್ವೀಕಾರದ ಬಗ್ಗೆ ಲಿಖಿತವಾಗಿ ಆಕ್ಷೇಪಿಸಿದರೆ, ಪೂರೈಕೆದಾರನು ಆ ಆಕ್ಷೇಪಣೆಯನ್ನು ನಿವಾರಿಸಿದ ದಿನವೇ ಸ್ವೀಕಾರದ ದಿನವಾಗುತ್ತದೆ. 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಇಲ್ಲದಿದ್ದರೆ, ಸರಕು ತಲುಪಿದ ದಿನವೇ ಸ್ವೀಕರಿಸಿದಂತೆ ಭಾವಿಸಲಾಗುತ್ತದೆ.

ಇಲ್ಲಿ “ಲಿಖಿತ” ಎಂಬ ಪದವೇ ಮುಖ್ಯ. ನಮ್ಮ ಕಕ್ಷಿದಾರರು ಫೋನಿನಲ್ಲಿ ಎರಡು ಸಲ ಹೇಳಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಅವರು 15 ದಿನ ಕಳೆಯುವವರೆಗೆ ಫೋನಿನಲ್ಲೇ ಕಾದು, ಹಣ ತಡೆಹಿಡಿದಿದ್ದರೆ, ದೋಷ ನಿಜವೇ ಆಗಿದ್ದರೂ ಬಡ್ಡಿಯ ಗಡಿಯಾರ ಜೂನ್ 5ರಿಂದಲೇ ಓಡುತ್ತಿತ್ತು. ಇ-ಮೇಲ್ ಕೂಡ ಲಿಖಿತವೇ. ಆದರೂ ಇ-ಮೇಲ್ ಮಾಡಿ, ಸಹಿ ಮಾಡಿದ ಪ್ರತಿಯನ್ನು ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಆಕ್ಷೇಪಣೆ ಯಾವ ಸರಕಿಗೆ ಎಂಬುದನ್ನು ಪತ್ರ ಸ್ಪಷ್ಟಪಡಿಸಬೇಕು. 114 ಎರಕಗಳಿಗೆ ಆಕ್ಷೇಪಣೆ ಇರುವಾಗ 300ರ ಹಣವನ್ನೂ ಹಿಡಿದರೆ, ಉಳಿದ 186ರ ಹಣಕ್ಕೆ ರಕ್ಷಣೆಯಿಲ್ಲ. “ಒಂದು ಪೈಸೆಯನ್ನೂ ಪಾವತಿಸುವುದಿಲ್ಲ” ಎಂಬ ಮಾತು ತಿರುಗಿ ನಮ್ಮ ಮೇಲೇ ಬೀಳುವುದು ಹೀಗೆ. ವಿವಾದವಿಲ್ಲದ ಹಣವನ್ನು ವಾಯಿದೆಗೆ ಸಲ್ಲಿಸಿದ ಖರೀದಿದಾರನ ದೂರಿಗೆ ತೂಕವೂ ಹೆಚ್ಚು. ಹಣದ ಅಡಚಣೆಗಾಗಿ ನೆಪ ಹುಡುಕುತ್ತಿದ್ದಾರೆಂಬ ಸಂಶಯಕ್ಕೆ ಅಲ್ಲಿ ಎಡೆಯಿರುವುದಿಲ್ಲ.

15 ದಿನ ಕಳೆದ ಮೇಲೆ ದೋಷ ಕಂಡರೆ ಗತಿಯೇನು ಎಂದು ಕೇಳಬಹುದು. ದೂರು ಸತ್ತುಹೋಗುವುದಿಲ್ಲ. ಸರಕು ಮಾರಾಟ ಅಧಿನಿಯಮದ 59ನೇ ಪ್ರಕರಣದಂತೆ ಬೆಲೆಯಲ್ಲಿ ಇಳಿಕೆಯನ್ನೋ ನಷ್ಟಪರಿಹಾರವನ್ನೋ ಕೇಳುವ ಹಕ್ಕು ಉಳಿದಿರುತ್ತದೆ. ಆದರೆ ಹಣ ತಡೆಹಿಡಿದರೆ ಬಡ್ಡಿಯ ಅಪಾಯ ನಮ್ಮದು. ಆದುದರಿಂದ ಮಶಿನಿಂಗ್‌ನಲ್ಲಿ ಮಾತ್ರ ಗುಣ ಗೊತ್ತಾಗುವ ಸರಕಿನ ಒಂದು ಪಾಲನ್ನಾದರೂ ಮೊದಲ ವಾರದಲ್ಲೇ ಕೆಲಸಕ್ಕೆ ಹಾಕಿ ನೋಡುವುದು ಲೇಸು.

ಲೆಕ್ಕಪತ್ರದಲ್ಲಿ

ಇಂತಹ ಸಂದರ್ಭದಲ್ಲಿ ಅನೇಕ ವರ್ತಕರು ತಾವೇ ಒಂದು ಡೆಬಿಟ್ ನೋಟ್ ಬರೆದು, ಆ ಮೊತ್ತವನ್ನು ಕಡಿದು, ವಿಷಯ ಮುಗಿಯಿತೆಂದು ತಿಳಿಯುತ್ತಾರೆ. ಪುಸ್ತಕದ ಲೆಕ್ಕಕ್ಕೆ ಅದು ಸರಿಯಾಗಬಹುದು. ತೆರಿಗೆಯ ಲೆಕ್ಕಕ್ಕೆ ಸಾಲದು. ಜಿ.ಎಸ್.ಟಿ. ಕಾನೂನಿನ 34ನೇ ಪ್ರಕರಣದಂತೆ, ಸರಕು ಹಿಂದಿರುಗಿದಾಗ ಅಥವಾ ಕೊರತೆಯುಳ್ಳದ್ದೆಂದು ಕಂಡಾಗ ಕ್ರೆಡಿಟ್ ನೋಟ್ ಕೊಡಬೇಕಾದವನು ಪೂರೈಕೆದಾರ. ಅವನು ಅದನ್ನು ತನ್ನ ವಿವರಪಟ್ಟಿಯಲ್ಲಿ ತೋರಿಸಿ ತನ್ನ ತೆರಿಗೆಯನ್ನು ಇಳಿಸಿಕೊಳ್ಳುತ್ತಾನೆ, ಖರೀದಿದಾರನು ಅದಕ್ಕೆ ತಕ್ಕ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ಪತ್ರದ ಎರಡನೇ ಕೋರಿಕೆಯಲ್ಲಿ “ಕ್ರೆಡಿಟ್ ನೋಟ್” ಎಂದೇ ಬರೆದದ್ದು ಇದಕ್ಕಾಗಿ.

ಇದಕ್ಕೆ ಕಾಲಮಿತಿಯೂ ಇದೆ. ಪೂರೈಕೆಯಾದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದರೊಳಗೆ ಕ್ರೆಡಿಟ್ ನೋಟನ್ನು ಘೋಷಿಸಬೇಕು. ಜೊತೆಗೆ, ಬಿಲ್ಲಿನ ದಿನದಿಂದ 180 ದಿನಗಳೊಳಗೆ ಪೂರೈಕೆದಾರನಿಗೆ ಹಣ ಸಲ್ಲದಿದ್ದರೆ ಆ ಮಟ್ಟಿಗೆ ಪಡೆದ ಕ್ರೆಡಿಟ್ಟನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗುತ್ತದೆ. ವಿವಾದವನ್ನು ಅನಿರ್ದಿಷ್ಟವಾಗಿ ಎಳೆಯುವುದು ಯಾರಿಗೂ ಲಾಭವಲ್ಲ.

ಮುಂದೇನಾಯಿತು?

ಫೌಂಡ್ರಿಯ ಮೇಲ್ವಿಚಾರಕರು ಜೂನ್ 16ರಂದು ಬಂದರು. ಹಳದಿ ಬಣ್ಣ ಹಚ್ಚಿದ ಎರಕಗಳನ್ನು ನೋಡಿದ ಮೇಲೆ ಅವರು ಹೆಚ್ಚು ಮಾತನಾಡಲಿಲ್ಲ. ಹೀಟ್ 17ರ ದಿನದ ದಾಖಲೆಯನ್ನು ಅವರು ಬರುವ ಮುನ್ನವೇ ತೆಗೆಸಿ ನೋಡಿದ್ದರು. ಅಂದಿನ ಕೋರ್‌ಗಳು ಸಾಕಷ್ಟು ಒಣಗುವ ಮೊದಲೇ ಅಚ್ಚಿಗೆ ಹೋಗಿದ್ದವೆಂದು ತಾವಾಗಿಯೇ ಹೇಳಿದರು. ಹೀಟ್ 17ರ 100 ಎರಕಗಳನ್ನೂ ಹಿಂದಕ್ಕೆ ಪಡೆಯಲು ಒಪ್ಪಿದರು.

ಆದರೆ ಹೀಟ್ 18ರ ಆ ಒಂದು ಎರಕವನ್ನು ಅವರು ಒಪ್ಪಲಿಲ್ಲ. ಅದನ್ನು ಕೊಯ್ದು ತೋರಿಸುವಂತೆ ಕೇಳಿದರು. ಕೊಯ್ದಾಗ ಒಳಗೆ ಗಾಳಿಗುಳಿ ಇರಲಿಲ್ಲ. ಲೇತಿನ ಮೇಲೆ ಎರಕವನ್ನು ಓರೆಯಾಗಿ ಹಿಡಿದದ್ದರಿಂದ ಒಂದು ಬದಿಯ ಗೋಡೆ ಮಿತಿಮೀರಿ ತೆಳುವಾಗಿ, ಅಲ್ಲಿಂದ ಸೋರಿತ್ತು. ತಪ್ಪು ನಮ್ಮವರದೇ.

ಮೊದಲ ಕರಡು ಹೋಗಿದ್ದರೆ ಈ ಘಟ್ಟದಲ್ಲಿ ಏನಾಗುತ್ತಿತ್ತೆಂದು ಯೋಚಿಸಿ. “ಮೋಸ ಮಾಡಿದ್ದೀರಿ” ಎಂದು ಬರೆದವರ ಒಂದು ಎರಕ ಅವರದೇ ಕೈತಪ್ಪಿನಿಂದ ಕೆಟ್ಟದ್ದೆಂದು ಸಿದ್ಧವಾದರೆ, ಉಳಿದ 13ರ ಮಾತೂ ಹಗುರವಾಗುತ್ತಿತ್ತು. “ಕಾರಣ ನಮಗೆ ತಿಳಿಯದು” ಎಂದು ಬರೆದಿದ್ದವರಿಗೆ ಆ ಒಂದನ್ನು ಬಿಟ್ಟುಕೊಡುವುದು ಕಷ್ಟವಾಗಲಿಲ್ಲ. “ಇದು ನಮ್ಮದು” ಎಂದು ಕಕ್ಷಿದಾರರು ಅಲ್ಲೇ ಪಟ್ಟಿಯಿಂದ ಅದನ್ನು ಹೊಡೆದುಹಾಕಿದರು.

ಕೊನೆಗೆ ತಿರಸ್ಕೃತ 13 ಮತ್ತು ಹಿಂದಿರುಗಿಸಿದ 100, ಒಟ್ಟು 113 ಎರಕಗಳಿಗೆ ತೆರಿಗೆ ಸೇರಿ 1,17,339.20 ರೂಪಾಯಿಯ ಕ್ರೆಡಿಟ್ ನೋಟ್ ಬಂತು. ಬದಲಿ ಎರಕಗಳು ಹೊಸ ಬಿಲ್ಲಿನೊಂದಿಗೆ ಬಂದವು. ಪಟ್ಟಿಯಿಂದ ಹೊಡೆದ ಒಂದು ಎರಕದ ಹಣವನ್ನು 186ರ ಹಣದೊಂದಿಗೇ ಜುಲೈ 5ರೊಳಗೆ ಸಲ್ಲಿಸಿದೆವು. ಮಶಿನಿಂಗ್ ವೆಚ್ಚದಲ್ಲಿ 13 ಎರಕಗಳ 1,820 ರೂಪಾಯಿಯ ಅರ್ಧವನ್ನು ಭರಿಸಲು ಮಾತ್ರ ಫೌಂಡ್ರಿ ಒಪ್ಪಿತು. 910 ರೂಪಾಯಿಗಾಗಿ ಇನ್ನೊಂದು ಪತ್ರ ಬರೆಯುವುದು ಬೇಡವೆಂದು ಕಕ್ಷಿದಾರರೇ ನಿರ್ಧರಿಸಿದರು. ಪತ್ರದಲ್ಲಿ ಕೇಳಿದ್ದೆಲ್ಲವೂ ಸಿಗುತ್ತದೆಂದು ಹೇಳಲಾಗದು. ಕೇಳಿದ್ದು ಸ್ಪಷ್ಟವಾಗಿದ್ದರೆ ಯಾವುದನ್ನು ಬಿಟ್ಟೆವೆಂಬುದಾದರೂ ಸ್ಪಷ್ಟವಾಗಿರುತ್ತದೆ.

ಉತ್ತರವೇ ಬಾರದಿದ್ದರೆ?

ಪೂರೈಕೆದಾರರು ಸುಮ್ಮನಿದ್ದ ಪಕ್ಷದಲ್ಲಿ ಎರಡನೆಯ ಪತ್ರ ಮೊದಲನೆಯದಕ್ಕಿಂತ ಚಿಕ್ಕದಾಗಿರಬೇಕು, ಖಾರವಾಗಿರಬೇಕಿಲ್ಲ. ಮೊದಲ ಪತ್ರದ ದಿನಾಂಕ, ಅದರಲ್ಲಿ ಕೊಟ್ಟಿದ್ದ ಗಡುವು ಮುಗಿದಿದೆ ಎಂಬ ಸಂಗತಿ, ಇಂತಹ ದಿನ ಇಬ್ಬರು ಸಾಕ್ಷಿಗಳ ಎದುರು ಅಥವಾ ಸ್ವತಂತ್ರ ಪ್ರಯೋಗಾಲಯದಲ್ಲಿ ಎರಕಗಳನ್ನು ಪರೀಕ್ಷಿಸಲಾಗುವುದು, ತಾವೂ ಬರಬಹುದು ಎಂಬ ಸೂಚನೆ, ಇಷ್ಟು ಸಾಕು. ತಿರಸ್ಕರಿಸಿದ ಸರಕನ್ನು ನಮ್ಮ ಖರ್ಚಿನಲ್ಲಿ ಹಿಂದಕ್ಕೆ ಕಳುಹಿಸುವ ಹೊಣೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಮ್ಮದಲ್ಲ. ತಿರಸ್ಕರಿಸಿದ್ದೇವೆಂದು ತಿಳಿಸಿದರೆ ಸಾಕೆಂದು 43ನೇ ಪ್ರಕರಣ ಹೇಳುತ್ತದೆ. ವಿಷಯ ಇದನ್ನೂ ಮೀರಿ ಹೋದರೆ ವಕೀಲರ ನೋಟೀಸು ಹೋಗಲಿ. ಆದರೆ ನ್ಯಾಯಾಲಯವಾಗಲಿ, ಸಣ್ಣ ಉದ್ಯಮಗಳ ಬಾಕಿಯನ್ನು ವಿಚಾರಿಸುವ ಸೌಲಭ್ಯ ಮಂಡಳಿಯಾಗಲಿ ಮೊದಲು ಕೇಳುವುದು ಆ ಮೊದಲ ಪತ್ರವನ್ನೇ: ಎಂದು ಬರೆದಿರಿ, ಎಷ್ಟು ಕೆಟ್ಟಿತ್ತು, ಉಳಿದ ಹಣ ಕೊಟ್ಟಿರಾ?

ಆ ಕಕ್ಷಿದಾರರು ಇಂದಿಗೂ ಅದೇ ಫೌಂಡ್ರಿಯಿಂದ ಎರಕಗಳನ್ನು ಕೊಳ್ಳುತ್ತಿದ್ದಾರೆ. ಅವರ ಸರಕು ಸ್ವೀಕಾರದ ಪುಸ್ತಕದಲ್ಲಿ ಈಗ ಎರಡು ಹೊಸ ಅಂಕಣಗಳಿವೆ: ಒಂದು ಹೀಟ್ ನಂಬರಿಗೆ, ಇನ್ನೊಂದು ಸರಕು ತಲುಪಿದ 15ನೇ ದಿನದ ದಿನಾಂಕಕ್ಕೆ.